ಸಾಲ್ಮನ್ ಮರಿ ಕಡಲಿಗಿಳಿಯುವ ಮೊದಲೇ ಮೈಯೊಳಗೆ ಏನು ಬದಲಾಗುತ್ತೆ?

ಹೊಳೆಸಾಲು

ಅಟ್ಲಾಂಟಿಕ್ ಸಾಲ್ಮನ್ ಬಗ್ಗೆ ಒಂದು ಪ್ರಶ್ನೆ. ನಾರ್ವೆಯಲ್ಲಿ ಮರಿಗಳನ್ನು ಸಿಹಿನೀರಿನ ತೊಟ್ಟಿಯಲ್ಲಿ ಬೆಳೆಸಿ ಆಮೇಲೆ ಕಡಲಿನ ಬಲೆಪಂಜರಕ್ಕೆ ಸಾಗಿಸುತ್ತಾರೆ. ಮೈಮೇಲೆ ಪಟ್ಟೆಗಳಿರುವ ಪಾರ್ ಹಂತದ ಮರಿಯನ್ನು ಹಾಕಿದರೆ ಕೆಲವೇ ದಿನಗಳಲ್ಲಿ ಸಾಯುತ್ತೆ. ಅದೇ ತೊಟ್ಟಿಯ, ಅದೇ ತೂಕದ ಮರಿ ಎರಡು ತಿಂಗಳ ನಂತರ ಸ್ಮೋಲ್ಟ್ ಆಗಿ ಅದೇ ನೀರಿಗೆ ಹೋದರೆ ಆರಾಮಾಗಿ ಈಜಾಡುತ್ತೆ. ಈ ಎರಡು ತಿಂಗಳೂ ಅದು ಉಪ್ಪುನೀರು ಕಂಡೇ ಇಲ್ಲ. ಹಾಗಾದರೆ ಏನು ಬದಲಾಯಿತು? "ಹೊಂದಿಕೊಳ್ಳುತ್ತೆ" ಅನ್ನುವ ಉತ್ತರ ಬೇಡ. ಯಾವ ಅಂಗ, ಎಷ್ಟು ಉಪ್ಪು, ಎಷ್ಟು ನೀರು, ಅದು ಬೇಕು.

ಮೇಷ್ಟ್ರು_ಹಾಸನ

ಮೂಲ ಲೆಕ್ಕ ಸರಳ. ಮೀನಿನ ರಕ್ತದ ಉಪ್ಪು ಲೀಟರಿಗೆ ಸುಮಾರು 9 ಗ್ರಾಂ ಅಂದುಕೊಳ್ಳಿ. ಹೊಳೆನೀರಿನಲ್ಲಿ ಅರ್ಧ ಗ್ರಾಂ ಕೂಡ ಇರಲ್ಲ, ಕಡಲಲ್ಲಿ 35 ಗ್ರಾಂ. ಹೊಳೆಯಲ್ಲಿ ಅಭಿಸರಣೆಯಿಂದ ನೀರು ಮೀನಿನ ಒಳಕ್ಕೆ ನುಗ್ಗುತ್ತೆ, ಉಪ್ಪು ಹೊರಗೆ ಸೋರುತ್ತೆ. ಕಡಲಲ್ಲಿ ಎಲ್ಲ ಉಲ್ಟಾ: ನೀರು ಹೊರಗೆ, ಉಪ್ಪು ಒಳಗೆ. ಹೊಳೆಯ ಮೀನು ನೀರು ಕುಡಿಯದೆ ತೆಳು ಮೂತ್ರ ಬಹಳ ಮಾಡುತ್ತೆ. ಕಡಲ ಮೀನು ನೀರು ಕುಡಿದು, ಮೂತ್ರಪಿಂಡದಲ್ಲಿ ಉಪ್ಪನ್ನು ಸೋಸಿ ಗಟ್ಟಿ ಮೂತ್ರವಾಗಿ ಹೊರಹಾಕುತ್ತೆ. ಸಾಲ್ಮನ್ನಿನ ಮೂತ್ರಪಿಂಡ ಈ ಎರಡೂ ಕೆಲಸ ಕಲಿತಿರುತ್ತೆ, ಅಷ್ಟೆ.

ಕಿವಿರುಗಾರ್ತಿ

ಮೇಷ್ಟ್ರೇ, ದಿಕ್ಕು ನೀವು ಹೇಳಿದ ಹಾಗೆಯೇ. ಮೂತ್ರಪಿಂಡದ ಮಾತು ಮಾತ್ರ ತಪ್ಪು. ರಕ್ತಕ್ಕಿಂತ ಗಟ್ಟಿಯಾದ ಮೂತ್ರ ಮಾಡೋದು ಮೀನಿನ ಕೈಲಾಗದ ಕೆಲಸ. ನಮ್ಮ ಮೂತ್ರಪಿಂಡದಲ್ಲಿ ಅದಕ್ಕೆಂದು ಉದ್ದನೆಯ ಕುಣಿಕೆಯಂಥ ನಾಳ ಇದೆ, ಮೀನಿಗೆ ಅದೇ ಇಲ್ಲ. ಕಡಲಲ್ಲಿ ಮೂತ್ರಪಿಂಡ ತನ್ನ ಕೆಲಸವನ್ನು ಆದಷ್ಟು ಕಡಿಮೆ ಮಾಡಿಕೊಳ್ಳುತ್ತೆ. ಬರುವ ಅಷ್ಟಿಷ್ಟು ಮೂತ್ರದಲ್ಲಿ ಮೆಗ್ನೀಸಿಯಂ ಮತ್ತು ಸಲ್ಫೇಟ್ ಹೋಗುತ್ತವೆ. ಸೋಡಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಭಾರ ಪೂರಾ ಕಿವಿರಿನ ಮೇಲೆ.

ಹೊಳೆಸಾಲು ಅವರು ಪ್ರಮಾಣ ಕೇಳಿದ್ದರಿಂದ 100 ಗ್ರಾಂ ತೂಗುವ ಒಂದು ಮರಿಯನ್ನು ಹಿಡಿದು ಲೆಕ್ಕ ಹಾಕೋಣ.

ಹೊಳೆಯಲ್ಲಿ ಇದು ಗಂಟೆಗೆ ಸುಮಾರು 0.3 ಮಿಲಿ ಮೂತ್ರ ಮಾಡುತ್ತೆ, ದಿನಕ್ಕೆ 7 ಮಿಲಿ. ಮನುಷ್ಯನ ತೂಕಕ್ಕೆ ಹೋಲಿಸಿದರೆ 60 ಕೆಜಿಯವರು ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು ಮಾಡಿದ ಹಾಗೆ. ಆ ಮೂತ್ರ ಬಹಳ ತೆಳು, ಹಾಗಾಗಿ ಅದರ ಮೂಲಕ ದಿನಕ್ಕೆ ಕೆಲವೇ ಮಿಲಿಗ್ರಾಂ ಉಪ್ಪು ಹೋಗುತ್ತೆ. ಕಿವಿರಿನಿಂದ ನೇರ ಸೋರುವುದೂ ಇದೆ. ಇದನ್ನು ತಿಂದದ್ದರಿಂದಲೂ, ಕಿವಿರಿನ ಜೀವಕೋಶಗಳು ಹೊಳೆನೀರಿನಿಂದ ಹೆಕ್ಕಿ ತಂದದ್ದರಿಂದಲೂ ತುಂಬಿಕೊಳ್ಳುತ್ತೆ.

ಕಡಲಲ್ಲಿ ಅದೇ ಮರಿ ಗಂಟೆಗೆ ಸುಮಾರು ಅರ್ಧ ಮಿಲಿ ಕಡಲನೀರು ಕುಡಿಯುತ್ತೆ, ದಿನಕ್ಕೆ 12 ಮಿಲಿ. ಒಂದು ಲೀಟರ್ ಕಡಲನೀರಿನಲ್ಲಿ ಅಡುಗೆ ಉಪ್ಪೇ ಸುಮಾರು 27 ಗ್ರಾಂ. ಅಂದರೆ ದಿನಕ್ಕೆ 0.3 ಗ್ರಾಮಿಗೂ ಸ್ವಲ್ಪ ಹೆಚ್ಚು ಹೊಟ್ಟೆಗೆ ಹೋಯಿತು, ಬಹುಪಾಲು ರಕ್ತ ಸೇರಿತು. ಈಗ ಇನ್ನೊಂದು ಕಡೆ ನೋಡಿ. ಈ ಮರಿಯ ರಕ್ತ ಮತ್ತು ಜೀವಕೋಶಗಳ ಹೊರಗಿನ ದ್ರವ ಎಲ್ಲ ಸೇರಿ 20ರಿಂದ 25 ಮಿಲಿ. ಅದರಲ್ಲಿರುವ ಒಟ್ಟು ಉಪ್ಪು ಸುಮಾರು 0.2 ಗ್ರಾಂ. ತನ್ನ ದ್ರವದಲ್ಲಿರೋದಕ್ಕಿಂತ ಹೆಚ್ಚು ಉಪ್ಪು ಒಂದೇ ದಿನದಲ್ಲಿ ಒಳಗೆ ಬಂದು ಹೊರಗೆ ಹೋಗಬೇಕು. ಒಂದೆರಡು ದಿನ ಈ ಸಾಗಣೆ ನಿಂತರೆ ಏನಾಗುತ್ತೆ ಅನ್ನೋದು ನಿಮ್ಮ ಪಾರ್ ಮರಿಯ ಕಥೆ.

ಹೊಳೆಸಾಲು

ಒಂದು ಸಿಕ್ಕು ಬಿಡಿಸಿ. ನೀರು ಕಳೆದುಕೊಳ್ಳುತ್ತಿರುವ ಮೀನು ಇನ್ನಷ್ಟು ಉಪ್ಪಾದ ನೀರು ಕುಡಿದರೆ ಲಾಭ ಹೇಗೆ? ಹಡಗಿನಲ್ಲಿ ಸಿಕ್ಕಿಕೊಂಡ ಮನುಷ್ಯ ಕಡಲನೀರು ಕುಡಿದರೆ ಬೇಗ ಸಾಯುತ್ತಾನೆ ಅಂತಾರಲ್ಲ?

ಕಿವಿರುಗಾರ್ತಿ

ಮನುಷ್ಯನಿಗೆ ಉಪ್ಪು ಹೊರಹಾಕಲು ಮೂತ್ರ ಬಿಟ್ಟರೆ ದಾರಿ ಇಲ್ಲ. ಮೂತ್ರಕ್ಕೆ ನೀರು ಬೇಕು, ಕುಡಿದಷ್ಟಕ್ಕಿಂತ ಹೆಚ್ಚು ನೀರು ಅದಕ್ಕೇ ಖರ್ಚಾಗುತ್ತೆ. ಮೀನಿನ ಕಿವಿರು ಉಪ್ಪನ್ನು ಮಾತ್ರ ಹೊರಗೆ ತಳ್ಳುತ್ತೆ, ಅದರ ಜೊತೆ ನೀರು ಕಳಿಸಲ್ಲ. ಲಾಭ ಇರೋದು ಇಲ್ಲೇ.

ಕುಡಿದ ನೀರಿನ ದಾರಿ ಹಿಡಿದು ಹೋಗೋಣ. ಅನ್ನನಾಳದ ಗೋಡೆ ಉಪ್ಪನ್ನು ಬಿಟ್ಟುಕೊಡುತ್ತೆ, ನೀರನ್ನು ಹೆಚ್ಚು ಬಿಡಲ್ಲ. ಹೀಗಾಗಿ ಕರುಳಿಗೆ ಬರುವಷ್ಟರಲ್ಲಿ ಕಡಲನೀರಿನ ಗಟ್ಟಿತನ ಅರ್ಧಕ್ಕೂ ಕೆಳಗೆ ಇಳಿದಿರುತ್ತೆ. ಕರುಳು ಉಳಿದ ಸೋಡಿಯಂ ಮತ್ತು ಕ್ಲೋರೈಡನ್ನು ಶಕ್ತಿ ಖರ್ಚು ಮಾಡಿ ಎಳೆದುಕೊಳ್ಳುತ್ತೆ, ನೀರು ಅದರ ಬೆನ್ನು ಹತ್ತಿ ಬರುತ್ತೆ. ಜೊತೆಗೆ ಕರುಳು ಬೈಕಾರ್ಬನೇಟ್ ಸುರಿದು ಕ್ಯಾಲ್ಸಿಯಂ ಅನ್ನು ಸುಣ್ಣದ ಹರಳು ಮಾಡಿ ಕೆಳಗೆ ಕೂರಿಸುತ್ತೆ. ಕರಗಿದ ಪದಾರ್ಥ ಅಷ್ಟು ಕಡಿಮೆಯಾದಂತೆ ಇನ್ನಷ್ಟು ನೀರು ಒಳಕ್ಕೆ ಬರುತ್ತೆ. ಕಡಲಮೀನಿನ ಹಿಕ್ಕೆಯ ಜೊತೆ ಬಿಳಿ ಎಳೆಗಳು ಕಂಡರೆ ಅವು ಹುಳ ಆಗಿರಬೇಕೆಂದಿಲ್ಲ, ಎಷ್ಟೋ ಸಲ ಈ ಸುಣ್ಣವೇ.

ಇನ್ನು ಕಿವಿರು. ಉಸಿರಾಟದ ತೆಳು ಪದರದ ನಡುವೆ ಅಲ್ಲಲ್ಲಿ ಮೈಟೋಕಾಂಡ್ರಿಯ ತುಂಬಿದ ದಪ್ಪ ಜೀವಕೋಶಗಳಿವೆ. ಅವುಗಳ ರಕ್ತದ ಕಡೆಯ ಗೋಡೆಯಲ್ಲಿ ಸೋಡಿಯಂ ಪಂಪ್ ಇದೆ, ಎಟಿಪಿ ಸುಟ್ಟು ಸೋಡಿಯಮ್ಮನ್ನು ಒಳಗಿನಿಂದ ರಕ್ತಕ್ಕೆ ತಳ್ಳುತ್ತೆ. ಉಪ್ಪನ್ನು ಹೊರಗೆ ಹಾಕಬೇಕಾದಾಗ ರಕ್ತಕ್ಕೇ ಯಾಕೆ ತಳ್ಳಬೇಕು ಅಂತ ಎಲ್ಲರೂ ಎಡವೋದು ಇಲ್ಲಿ. ಹಾಗೆ ತಳ್ಳಿದ್ದರಿಂದ ಕೋಶದೊಳಗೆ ಸೋಡಿಯಂ ಬರಗಾಲ ಬೀಳುತ್ತೆ. ರಕ್ತದ ಸೋಡಿಯಂ ವಾಪಸ್ ಒಳಗೆ ಬರಲು ಹವಣಿಸುತ್ತೆ. ಅದೇ ಗೋಡೆಯಲ್ಲಿರುವ ಇನ್ನೊಂದು ಬಾಗಿಲು ಆ ಸೋಡಿಯಂ ಬರುವಾಗ ಕ್ಲೋರೈಡನ್ನೂ ಕೈಹಿಡಿದು ಕರೆತರುತ್ತೆ. ಕೋಶದಲ್ಲಿ ತುಂಬಿಕೊಂಡ ಕ್ಲೋರೈಡ್ ಕಡಲ ಕಡೆಗಿರುವ ಕಿಂಡಿಯಿಂದ ಹೊರಗೆ ಹೋಗುತ್ತೆ. ಮನುಷ್ಯರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯಾದಾಗ ಕೆಡುವುದೂ ಇದೇ ಜಾತಿಯ ಕಿಂಡಿ. ಕ್ಲೋರೈಡ್ ಹೋದಮೇಲೆ ಹೊರಗಡೆ ಋಣ ವಿದ್ಯುತ್ತು ಹೆಚ್ಚಾಗುತ್ತೆ, ಅದರ ಸೆಳೆತಕ್ಕೆ ಸೋಡಿಯಂ ಕೋಶ ಕೋಶದ ನಡುವಿನ ಸಂದಿಯಲ್ಲಿ ಜಾರಿಹೋಗುತ್ತೆ. ಪಂಪ್ ನೇರವಾಗಿ ಒಂದು ಕಣ ಉಪ್ಪನ್ನೂ ಕಡಲಿಗೆ ಹಾಕಲಿಲ್ಲ, ಆದರೂ ಎಲ್ಲ ನಡೆದದ್ದು ಅದರ ದುಡಿಮೆಯಿಂದ.

ಆ ಸಂದಿ ಸಡಿಲ ಇರಬೇಕಾದ್ದು ಕಡಲಲ್ಲಿ. ಹೊಳೆಯಲ್ಲಿ ಅದೇ ಸಂದಿ ಬಿಗಿ ಇರಬೇಕು, ಇಲ್ಲದಿದ್ದರೆ ಉಪ್ಪು ಸೋರಿಹೋಗುತ್ತೆ.

ಹಳೇಪುಟ

ಸಣ್ಣ ಸೇರ್ಪಡೆ. ಕಡಲಮೀನು ನೀರು ಕುಡಿಯುತ್ತೆ ಅಂತ 1930ರಲ್ಲಿ ತೋರಿಸಿದವರು ಹೋಮರ್ ಸ್ಮಿತ್. ನೀರಿಗೆ ಫೀನಾಲ್ ರೆಡ್ ಅನ್ನುವ ಬಣ್ಣ ಹಾಕಿದರು. ಅದನ್ನು ಕರುಳು ಹೀರಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕರುಳಲ್ಲಿ ಬಣ್ಣ ಹೊರಗಿನ ನೀರಿಗಿಂತ ಗಾಢವಾಗಿತ್ತು. ಬಣ್ಣ ಉಳಿದು ನೀರು ಮಾತ್ರ ರಕ್ತಕ್ಕೆ ಹೋಗಿದೆ ಅಂತ ಅರ್ಥ. ಮರುವರ್ಷ ಆನ್ಸೆಲ್ ಕೀಸ್ ಹಾವುಮೀನಿನ ಹೃದಯ ಮತ್ತು ಕಿವಿರನ್ನು ಹೊರತೆಗೆದು, ದ್ರವ ಹಾಯಿಸಿ, ಕಿವಿರೊಂದೇ ಕ್ಲೋರೈಡ್ ಹೊರಹಾಕುವುದನ್ನು ಅಳೆದರು. ಆಮೇಲೆ ಆಹಾರದ ಕೊಬ್ಬು ಮತ್ತು ಹೃದ್ರೋಗದ ಅಧ್ಯಯನದಿಂದ ಹೆಸರು ಮಾಡಿದ ಕೀಸ್ ಇವರೇ.

ಗಾಜಿನತೊಟ್ಟಿ

ಒಳ್ಳೆ ಚರ್ಚೆ. ನನ್ನ 60 ಲೀಟರ್ ಟ್ಯಾಂಕಲ್ಲಿ ನಾಲ್ಕು ಗೋಲ್ಡ್ ಫಿಶ್ ಇವೆ, ಸಪ್ಪೆಯಾಗಿವೆ. ಅಂಗಡಿಯವರು ಉಪ್ಪು ಹಾಕಿ ಅಂದರು. ಮೇಲೆ ಹೇಳಿದ ಪ್ರಕಾರ ಉಪ್ಪು ಹಾಕಿದರೆ ಅವು ನೀರು ಕುಡಿಯೋಕೆ ಶುರು ಮಾಡಿ ಕಿವಿರು ಕಡಲಿನ ಥರ ಆಗುತ್ತಾ? ಎಷ್ಟು ಚಮಚ?

ಪಡುಕರೆ

ಇಲ್ಲಿ ಸಾಲ್ಮನ್ ಪಂಚಾಯ್ತಿ ನಡೀತಾ ಉಂಟು ಮಾರಾಯ್ರೆ, ಆದ್ರೂ ಹೇಳ್ತೇನೆ. ಗೋಲ್ಡ್ ಫಿಶ್ ಎಷ್ಟಾದ್ರೂ ಸಿಹಿನೀರಿನದ್ದೇ, ಅದರ ಕಿವಿರು ಕಡಲಿನದ್ದಾಗುದಿಲ್ಲ. ಲೀಟರಿಗೆ 1ರಿಂದ 3 ಗ್ರಾಂ ಹಾಕಿದ್ರೆ ಹೊರಗಿನ ನೀರು ರಕ್ತಕ್ಕೆ ಸ್ವಲ್ಪ ಹತ್ತಿರ ಬರ್ತದೆ, ಸೋರುವ ಉಪ್ಪು ಕಮ್ಮಿ ಆಗ್ತದೆ, ಹುಷಾರಿಲ್ಲದ ಮೀನಿಗೆ ಕೆಲಸ ಹಗುರ. ಅಷ್ಟೇ ಲಾಭ. ಚಮಚ ಬಿಡಿ, ತೂಕ ಮಾಡಿ. ಕಲ್ಲುಪ್ಪಿನ ಚಮಚಕ್ಕೂ ಪುಡಿಯುಪ್ಪಿನ ಚಮಚಕ್ಕೂ ಅಜಗಜಾಂತರ. 60 ಲೀಟರಿಗೆ 60 ಗ್ರಾಂನಿಂದ ಶುರು ಮಾಡಿ, ಬೇರೆ ನೀರಲ್ಲಿ ಕರಗಿಸಿ ಹಾಕಿ. ಗಿಡಗಳಿದ್ರೆ ಕೆಲವು ಸಾಯ್ತವೆ.

ಆದ್ರೆ ಮೊದಲು ಅಮೋನಿಯಾ, ನೈಟ್ರೈಟ್ ಪರೀಕ್ಷೆ ಮಾಡಿ. 60 ಲೀಟರಿಗೆ ನಾಲ್ಕು ಗೋಲ್ಡ್ ಫಿಶ್ ಹೆಚ್ಚಾಯ್ತು. ನೈಟ್ರೈಟ್ ಏರಿದ್ರೆ ಅದು ಕ್ಲೋರೈಡ್ ಎಳೆದುಕೊಳ್ಳುವ ಬಾಗಿಲಿನಿಂದಲೇ ರಕ್ತಕ್ಕೆ ನುಗ್ತದೆ, ರಕ್ತ ಕಂದು ಆಗ್ತದೆ. ನೀರಲ್ಲಿ ಕ್ಲೋರೈಡ್ ಇದ್ರೆ ಆ ಬಾಗಿಲಲ್ಲಿ ನೂಕುನುಗ್ಗಲಾಗಿ ನೈಟ್ರೈಟ್ ಹಿಂದೆ ಬೀಳ್ತದೆ. ಅಂಗಡಿಯವರ ಉಪ್ಪು ಕೆಲಸ ಮಾಡುವುದು ಹೆಚ್ಚಾಗಿ ಈ ಕಾರಣಕ್ಕೆ.

ಈಗ ಸಾಲ್ಮನ್ನಿಗೆ ಬರುವ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಪಂಜರಕ್ಕೆ ಹಾಕುವ ಸೀಬಾಸ್ ಮರಿಯನ್ನು ಉಪ್ಪಿನಿಂದ ಸಪ್ಪೆಗೆ, ಸಪ್ಪೆಯಿಂದ ಉಪ್ಪಿಗೆ ದಿನಕ್ಕಿಷ್ಟು ಅಂತ ನೀರು ಬದಲಿಸಿ ಒಗ್ಗಿಸ್ತಾರೆ. ಸಾಲ್ಮನ್ನಿಗೂ ಹಾಗೆ ಮಾಡಿದ್ರೆ ಮುಗೀತಲ್ಲ? ಸ್ಮೋಲ್ಟ್ ಆಗುವವರೆಗೆ ಯಾಕೆ ಕಾಯಬೇಕು?

ಉತ್ತರದ_ತೊಟ್ಟಿ

ಪಡುಕರೆ ಅವರ ಮಾತು ಅರ್ಧ ಸರಿ. ರೇನ್‌ಬೋ ಟ್ರೌಟ್ ಸಾಕಷ್ಟು ದೊಡ್ಡದಿದ್ದರೆ ನಿಧಾನವಾಗಿ ಏರಿಸಿ ಕಡಲಿಗೆ ಹಾಕಬಹುದು, ಹಾಕುತ್ತಾರೆ. ಪಿಂಕ್ ಮತ್ತು ಚಮ್ ಸಾಲ್ಮನ್ ಮರಿಗಳಂತೂ ಜಲ್ಲಿಯಿಂದ ಮೇಲೆದ್ದ ಸ್ವಲ್ಪ ದಿನಕ್ಕೇ ಕಡಲ ಕಡೆ ಹೊರಡುತ್ತವೆ. ಅಟ್ಲಾಂಟಿಕ್ ಸಾಲ್ಮನ್ ಹಾಗಲ್ಲ. ಅದು ಹೊಳೆಯಲ್ಲಿ ಒಂದರಿಂದ ಐದು ವರ್ಷ ಕಳೆಯುವ ಮೀನು. ಉಪ್ಪು ಮುಟ್ಟಿದ ಮೇಲೆ ಎಚ್ಚೆತ್ತುಕೊಳ್ಳುವ ಶಕ್ತಿ ಪಾರ್ ಹಂತದಲ್ಲಿ ಕಡಿಮೆ. ಅದು ಎಚ್ಚೆತ್ತುಕೊಳ್ಳೋದು ಬೆಳಕನ್ನು ನೋಡಿ. ಚಳಿಗಾಲದ ಸಣ್ಣ ಹಗಲು ಮುಗಿದು ಹಗಲು ಉದ್ದ ಆಗುತ್ತಿದ್ದಂತೆ ಬೆಳವಣಿಗೆಯ ಹಾರ್ಮೋನು ಮತ್ತು ಕಾರ್ಟಿಸಾಲ್ ಏರುತ್ತವೆ, ಸಿಹಿನೀರಿನ ಪಕ್ಷದ ಪ್ರೊಲಾಕ್ಟಿನ್ ಇಳಿಯುತ್ತೆ. ಕಿವಿರಿನಲ್ಲಿ ಕಡಲಿಗೆ ಬೇಕಾದ ಕೋಶಗಳು ಸಿಹಿನೀರಿನಲ್ಲೇ ತಯಾರಾಗುತ್ತವೆ. ಹೊಳೆಸಾಲು ಅವರ ಪ್ರಶ್ನೆಗೆ ನೇರ ಉತ್ತರ ಇದು: ಕಾರ್ಖಾನೆ ಮೊದಲೇ ಕಟ್ಟಿ, ಬೀಗ ಹಾಕಿ ಇಟ್ಟಿರುತ್ತೆ.

ತೊಟ್ಟಿಯಲ್ಲಿ ಇದನ್ನೇ ನಾವು ದೀಪದಿಂದ ನಕಲು ಮಾಡುತ್ತೇವೆ. ಮರಿ 24 ಗಂಟೆ ಬೆಳಕಿನಲ್ಲಿ ಬೆಳೆಯುತ್ತಿರುತ್ತೆ. ಆಮೇಲೆ ಸುಮಾರು ಆರು ವಾರ 12 ಗಂಟೆ ಬೆಳಕು, 12 ಗಂಟೆ ಕತ್ತಲು. ಇದು ಸುಳ್ಳು ಚಳಿಗಾಲ. ಮತ್ತೆ 24 ಗಂಟೆ ಬೆಳಕು ಹಾಕಿದ ದಿನದಿಂದ ಎಣಿಕೆ ಶುರು. ದಿನಗಳನ್ನಷ್ಟೇ ಎಣಿಸಿದರೆ ಸಾಲದು, ದಿನವನ್ನು ನೀರಿನ ಉಷ್ಣತೆಯಿಂದ ಗುಣಿಸಬೇಕು. ಸುಮಾರು 350 ಬಂದಾಗ ಸಿದ್ಧ ಅನ್ನೋದು ಅಂದಾಜು. 10 ಡಿಗ್ರಿ ನೀರಿನಲ್ಲಿ 35 ದಿನ, 14 ಡಿಗ್ರಿಯಲ್ಲಿ 25 ದಿನ. ಕತ್ತಲ ಹೊತ್ತಿನಲ್ಲಿ ಪಕ್ಕದ ಹಾಲಿನ ದೀಪ ಒಳಗೆ ಸೋರಿದರೆ ಚಳಿಗಾಲದ ಸಂದೇಶ ಮಸುಕಾಗುತ್ತೆ, ಒಂದೇ ತೊಟ್ಟಿಯಲ್ಲಿ ಅರ್ಧ ಮೀನು ಮುಂದೆ, ಅರ್ಧ ಹಿಂದೆ ಉಳಿಯುತ್ತವೆ.

ಮೇಷ್ಟ್ರು_ಹಾಸನ

ಮೂತ್ರಪಿಂಡದ ತಪ್ಪು ಒಪ್ಪಿಕೊಂಡೆ. ಸಿದ್ಧವಾಗಿದೆ ಅಂತ ಹೊರಗಿನಿಂದ ತಿಳಿಯುವುದು ಸುಲಭವಲ್ಲವೆ? ಪಟ್ಟೆ ಮಾಸಿ ಬೆಳ್ಳಿ ಬಣ್ಣ ಬಂದರೆ ಸ್ಮೋಲ್ಟ್ ಅಂತ ಓದಿದ ನೆನಪು.

ಉತ್ತರದ_ತೊಟ್ಟಿ

ಬಣ್ಣವನ್ನು ನಂಬಿ ಕೆಟ್ಟವರು ಬಹಳ. ಬೆಳ್ಳಿ ಹೊಳಪು ಕೊಡೋದು ಚರ್ಮದಲ್ಲಿ ಕೂರುವ ಗ್ವಾನಿನ್ ಹರಳು. ಕಿವಿರು ಸಿದ್ಧವಾಗುವ ಮೊದಲೇ ಅದು ಬರಬಹುದು, ಕಿವಿರು ಹಿಂದಕ್ಕೆ ಹೋದಮೇಲೂ ಉಳಿಯಬಹುದು. ರೆಕ್ಕೆಯ ಅಂಚು ಕಪ್ಪಾಗಿದೆಯಾ, ಜಾಗಕ್ಕೆ ಕಚ್ಚಾಡುತ್ತಿದ್ದ ಮರಿಗಳು ಗುಂಪು ಕಟ್ಟಿವೆಯಾ ಅಂತಲೂ ನೋಡುತ್ತೇವೆ. ಮೈ ತೆಳ್ಳಗಾಗೋದನ್ನು ಅಳೆಯಬಹುದು: ಗ್ರಾಂ ತೂಕವನ್ನು ನೂರರಿಂದ ಗುಣಿಸಿ, ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸಿ.

```
K = 100 × W / L³
100 g, 20 cm: K = 1.25
100 g, 21 cm: K = 1.08
```

ತೂಕ ಅದೇ, ಒಂದು ಸೆಂಟಿಮೀಟರ್ ಉದ್ದ ಹೆಚ್ಚು. ಎರಡನೆಯದು ಸ್ಮೋಲ್ಟಿನ ಮೈಕಟ್ಟು. ಆದರೆ ಮೇವು ಕಡಿಮೆ ಬಿದ್ದ ಮೀನಿಗೂ ಈ ಸಂಖ್ಯೆ ಬರುತ್ತೆ. ಹಾಗಾಗಿ ಕೊನೆಗೆ ಕೇಳಬೇಕಾದ್ದು ಮೀನನ್ನೇ, ಉಪ್ಪುನೀರಿಗೆ ಹಾಕಿ.

12ರಿಂದ 20 ಮೀನು ಆರಿಸಿ. ಹಿಂದಿನ ದಿನ ಮೇವು ಹಾಕಬೇಡಿ. 34–35 ಗ್ರಾಂ ಲವಣಾಂಶದ, ಅದೇ ಉಷ್ಣತೆಯ, ಗಾಳಿ ಚೆನ್ನಾಗಿ ಹಾಯಿಸಿದ ತೊಟ್ಟಿಗೆ ನೇರವಾಗಿ ಹಾಕಿ 24 ಗಂಟೆ ಬಿಡಿ. ಅಷ್ಟೇ ಮೀನನ್ನು ಸಿಹಿನೀರಿನಲ್ಲೂ ಬೇರೆ ಇಟ್ಟಿರಿ. ಆಮೇಲೆ ಅರಿವಳಿಕೆ ಕೊಟ್ಟು, ಬಾಲದ ರಕ್ತನಾಳದಿಂದ ಹೆಪಾರಿನ್ ಸವರಿದ ಸಿರಿಂಜಲ್ಲಿ ರಕ್ತ ತೆಗೆದು, ತಿರುಗಿಸಿ, ಪ್ಲಾಸ್ಮಾದ ಕ್ಲೋರೈಡ್ ಅಳೆಯಿರಿ. ಲೀಟರಿಗೆ 150 ಮಿಲಿಮೋಲ್ ಒಳಗಿದ್ದರೆ ಒಳ್ಳೆಯ ಸ್ಮೋಲ್ಟ್. 160 ದಾಟಿದರೆ ಉಪ್ಪು ಒಳಗೆ ಕಟ್ಟಿಕೊಳ್ಳುತ್ತಿದೆ ಅಂತ.

ಇಲ್ಲಿ ಸರಾಸರಿ ಮೋಸ ಮಾಡುತ್ತೆ. 12 ಮೀನಿನಲ್ಲಿ ಒಂಬತ್ತರ ಸರಾಸರಿ 142, ಉಳಿದ ಮೂರು 165, 168, 172 ಬಂದವು ಅಂತ ಇಟ್ಟುಕೊಳ್ಳಿ. ಒಟ್ಟು ಸರಾಸರಿ 148.6. ಕಾಗದದಲ್ಲಿ ಪಾಸು. ಅದನ್ನು ನಂಬಿ ಲಕ್ಷ ಮೀನು ಸಾಗಿಸಿದರೆ ಕಾಲುಭಾಗ ಸಿದ್ಧವಿಲ್ಲದ್ದು ಕಡಲಿಗೆ ಹೋಯಿತು. ಅವೆಲ್ಲ ಮೊದಲ ವಾರವೇ ಸಾಯಲ್ಲ. ಎಷ್ಟೋ ಮೀನು ಮೇವು ಮುಟ್ಟದೆ, ದೊಡ್ಡ ತಲೆ, ಕಡ್ಡಿ ಮೈ ಮಾಡಿಕೊಂಡು ಪಂಜರದ ಮೇಲ್ಮೈಯಲ್ಲಿ ತಿಂಗಳುಗಟ್ಟಲೆ ತೇಲಾಡುತ್ತವೆ. ಬಿಡಿ ಮೀನಿನ ಸಂಖ್ಯೆಗಳನ್ನು ಒಂದೊಂದಾಗಿ ನೋಡಿ. ಮೇಲಿನ ಫಲಿತಾಂಶ ಬಂದರೆ ಸಣ್ಣವನ್ನು ಬೇರೆ ಮಾಡಿ, ಒಂದು ವಾರ ಬಿಟ್ಟು ಮತ್ತೆ ಪರೀಕ್ಷೆ.

ಗಾಜಿನತೊಟ್ಟಿ

ಕಡಲನೀರು ಸಿಗದ ಕಡೆ ಪರೀಕ್ಷೆಗೆ ಲೀಟರಿಗೆ 35 ಗ್ರಾಂ ಅಡುಗೆ ಉಪ್ಪು ಹಾಕಿದರೆ ಆಗಲ್ವಾ? (ನೈಟ್ರೈಟ್ ನೋಡಿದೆ, ಪಟ್ಟಿ ಕಡು ಗುಲಾಬಿ. ನೀರು ಬದಲಿಸ್ತಾ ಇದೀನಿ.)

ಉತ್ತರದ_ತೊಟ್ಟಿ

ಆಗಲ್ಲ, ಒಳ್ಳೆ ಪ್ರಶ್ನೆ. ಬರೀ ಸೋಡಿಯಂ ಕ್ಲೋರೈಡ್ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲ. ಕಿವಿರಿನ ಪದರ ಅತಿಯಾಗಿ ಸೋರದಂತೆ ಹಿಡಿದಿಡೋದು ಕ್ಯಾಲ್ಸಿಯಂ. ಅದಿಲ್ಲದೆ ಒಳ್ಳೆಯ ಸ್ಮೋಲ್ಟೂ ಫೇಲಾಗುತ್ತೆ. ಕಡಲ ಅಕ್ವೇರಿಯಂಗೆ ಮಾರುವ ಮಿಶ್ರ ಲವಣ ಬಳಸಬೇಕು.

ಇನ್ನೂ ಎರಡು ಕಡೆ ಪೆಟ್ಟು ಬೀಳುತ್ತೆ. ಸ್ಮೋಲ್ಟಿನ ಹುರುಪೆ ಬಹಳ ಸಡಿಲ. ಬಲೆಯಲ್ಲಿ ಒರಟಾಗಿ ಎತ್ತಿದರೆ, ಪಂಪಿನ ಕೊಳವೆಯ ತಿರುವು ಚೂಪಾಗಿದ್ದರೆ ಹುರುಪೆ ಉದುರುತ್ತೆ. ಹುರುಪೆ ಹೋದ ಕಡೆ ಚರ್ಮವೂ ಹರಿದಿರುತ್ತೆ, ಅಲ್ಲಿಂದ ಕಡಲು ನೀರನ್ನು ಹೀರುತ್ತೆ. ಕಿವಿರು ಎಷ್ಟೇ ಚೆನ್ನಾಗಿದ್ದರೂ ತೂತು ಮಡಕೆ. ತೊಟ್ಟಿಯ ನೀರಿನ ಮೇಲೆ ಹುರುಪೆ ತೇಲುತ್ತಿದ್ದರೆ ಸಾಗಣೆ ನಿಲ್ಲಿಸಿ ಕೊಳವೆ ನೋಡಿ.

ಎರಡನೆಯದು ಅಲ್ಯೂಮಿನಿಯಂ. ದಕ್ಷಿಣ ನಾರ್ವೆಯ ಹೊಳೆಗಳು ಆಮ್ಲಮಳೆಯಿಂದ ಹುಳಿಯಾದಾಗ ಮಣ್ಣಿನ ಅಲ್ಯೂಮಿನಿಯಂ ನೀರಿಗೆ ಇಳಿಯಿತು. ಅದು ಕಿವಿರಿನ ಮೇಲೆ ಕೂತು ಸೋಡಿಯಂ ಪಂಪಿನ ಚಟುವಟಿಕೆ ಇಳಿಸುತ್ತೆ. ಹೊಳೆಯಲ್ಲಿ ಮರಿ ಗಟ್ಟಿಮುಟ್ಟಾಗೇ ಕಾಣುತ್ತೆ, ಮೇವೂ ತಿನ್ನುತ್ತೆ. ಕಡಲಿಗೆ ಹೋದಮೇಲೆ ಸಾಯುತ್ತೆ. ಅದಕ್ಕೇ ಅಲ್ಲಿ ಹೊಳೆಗಳಿಗೆ ಸುಣ್ಣ ಹಾಕುವುದು, ಮರಿ ಕೇಂದ್ರಗಳಲ್ಲಿ ನೀರಿಗೆ ಸಿಲಿಕೇಟ್ ಬೆರೆಸುವುದು. ಪಿಎಚ್ ಒಂದನ್ನೇ ನೋಡಿ ಸಮಾಧಾನ ಪಡಬೇಡಿ. ಹುಳಿನೀರಿಗೆ ಬೇರೆ ನೀರು ಬೆರೆತ ಹೊಸತರಲ್ಲಿ ಅಲ್ಯೂಮಿನಿಯಂ ಇನ್ನೂ ಚುರುಕಾಗಿರುತ್ತೆ.

ಹೊಳೆಸಾಲು

"ಬೀಗ ಹಾಕಿ ಇಟ್ಟಿರುತ್ತೆ" ಅಂದಿರಿ. ಬೀಗ ತೆಗೆಯದೆ ಸಿಹಿನೀರಲ್ಲೇ ಉಳಿದರೆ?

ಕಿವಿರುಗಾರ್ತಿ

ಕೆಲ ವಾರ ಕಾದು, ಕಾರ್ಖಾನೆಯನ್ನೇ ಬಿಚ್ಚಿಬಿಡುತ್ತೆ. ನೀರು ಬೆಚ್ಚಗಿದ್ದಷ್ಟೂ ಬೇಗ. ಬೆಳ್ಳಿ ಬಣ್ಣ ಉಳಿದಿರುವಾಗಲೇ ಕಿವಿರು ಹೊಳೆಯದ್ದಾಗಿರುತ್ತೆ, ಮೇಲೆ ಹೇಳಿದ ಮೋಸ ಇದೇ. ಕಾಡು ಮೀನಿಗೂ ಇದು ಬಾಧಕ: ಅಣೆಕಟ್ಟಿನ ಹಿಂದಿನ ನಿಂತ ನೀರಿನಲ್ಲಿ ತಡವಾದ ಸ್ಮೋಲ್ಟ್ ಅಳಿವೆಗೆ ಬರುವ ಹೊತ್ತಿಗೆ ಕಾಲ ಮೀರಿರಬಹುದು.

ಪಂಪ್ ವಿಚಾರದಲ್ಲಿ ಒಂದು ಸೂಕ್ಷ್ಮ ಇದೆ. ಸಾಲ್ಮನ್ ಜಾತಿಯ ಕಿವಿರಿನಲ್ಲಿ ಸೋಡಿಯಂ ಪಂಪ್ ಎರಡು ಬಗೆ. ಒಂದು ಹೊಳೆಯಲ್ಲಿ ಹೆಚ್ಚು, ಇನ್ನೊಂದು ಕಡಲಲ್ಲಿ ಹೆಚ್ಚು. ಕಿವಿರಿನ ಚೂರು ತೆಗೆದು ಒಟ್ಟು ಪಂಪ್ ಚಟುವಟಿಕೆ ಅಳೆದರೆ ಎರಡೂ ಸೇರಿಯೇ ಬರುತ್ತೆ. ಸ್ಮೋಲ್ಟ್ ಆಗುವಾಗ ಕಡಲಿನದ್ದು ಏರಿ ಹೊಳೆಯದ್ದು ಇಳಿಯುತ್ತೆ, ಆದರೆ ಒಟ್ಟು ಸಂಖ್ಯೆ ಆ ಅದಲುಬದಲನ್ನು ಪೂರ್ತಿ ಹೇಳಲ್ಲ. ಅದಕ್ಕೇ ಉಪ್ಪುನೀರಿನ ಪರೀಕ್ಷೆ ಈಗಲೂ ಬಿಟ್ಟುಹೋಗಿಲ್ಲ.

ಪಡುಕರೆ

ದೊಡ್ಡದಾಗಿ ಮೊಟ್ಟೆಯಿಡ್ಲಿಕ್ಕೆ ವಾಪಸ್ ಹೊಳೆಗೆ ಬರುವಾಗ ಇದೆಲ್ಲ ಉಲ್ಟಾ ಮಾಡ್ಬೇಕಲ್ಲ? ಆಗ ಮೇವೂ ತಿನ್ನುದಿಲ್ಲ ಅಂತಾರೆ. ಉಪ್ಪು ಎಲ್ಲಿಂದ ತರ್ತದೆ?

ಕಿವಿರುಗಾರ್ತಿ

ಕಿವಿರಿನಿಂದಲೇ ಹೆಕ್ಕಬೇಕು, ತಿಂದು ತುಂಬಿಕೊಳ್ಳುವ ದಾರಿ ಮುಚ್ಚಿರುತ್ತೆ. ಕುಡಿಯೋದನ್ನು ಬೇಗ ನಿಲ್ಲಿಸಬಹುದು. ಕೋಶ ಬದಲಿಸಿ, ಸಂದಿ ಬಿಗಿ ಮಾಡೋದಕ್ಕೆ ದಿನಗಳು ಬೇಕು. ಮೂತ್ರಪಿಂಡವೂ ಹೆಚ್ಚುಕಡಿಮೆ ಮಲಗಿದ್ದದ್ದು ಎದ್ದು ದಿನಪೂರ್ತಿ ನೀರು ಹೊರಹಾಕಬೇಕು. ಇಲ್ಲೂ ತಯಾರಿ ಮೊದಲೇ ಶುರುವಾಗುತ್ತೆ. ಸಾಕೈ ಸಾಲ್ಮನ್ನಿನಲ್ಲಿ ಹೊಳೆ ಮುಟ್ಟುವ ಮೊದಲು, ಇನ್ನೂ ಕಡಲಲ್ಲಿರುವಾಗಲೇ ಕಿವಿರಿನ ಪಂಪ್ ಚಟುವಟಿಕೆ ಇಳಿಯೋದು ಕಂಡಿದೆ.

ಕೆನಡಾದ ಫ್ರೇಸರ್ ನದಿ ನೋಡಿ. ಅಲ್ಲಿ ತಡವಾಗಿ ಬರುವ ಸಾಕೈ ಗುಂಪುಗಳು ಜಾರ್ಜಿಯಾ ಜಲಸಂಧಿಯಲ್ಲಿ ವಾರಗಟ್ಟಲೆ ತಂಗಿ ಆಮೇಲೆ ನದಿಗೆ ಹತ್ತುತ್ತಿದ್ದವು. 1990ರ ದಶಕದ ನಡುವಿನಿಂದ ತಂಗದೆ ಮೊದಲೇ ಹತ್ತಲು ಶುರು ಮಾಡಿದವು. ಕೆಲವು ವರ್ಷ ಬಹುಪಾಲು ಮೀನು ಮೊಟ್ಟೆಯಿಡುವ ಮೊದಲೇ ಸತ್ತವು. ಬೇಗ ಬಂದದ್ದರಿಂದ ಬೆಚ್ಚಗಿನ ಸಿಹಿನೀರಿನಲ್ಲಿ ಹೆಚ್ಚು ದಿನ ಕಳೆಯಬೇಕಾಯಿತು, ಪಾರ್ವಿಕ್ಯಾಪ್ಸುಲಾ ಅನ್ನುವ ಪರಾವಲಂಬಿ ಮೂತ್ರಪಿಂಡದಲ್ಲಿ ಬೆಳೆಯಲು ಸಮಯ ಸಿಕ್ಕಿತು. ಹೊಳೆಯಲ್ಲಿ ಮೂತ್ರಪಿಂಡ ಕೆಟ್ಟರೆ ನೀರು ಹೊರಹೋಗುವ ದಾರಿಯೇ ಕಟ್ಟಿದ ಹಾಗೆ.

ಮೇಷ್ಟ್ರು_ಹಾಸನ

ಆದರೆ ಬೇಗ ಹತ್ತಿದ್ದು ಯಾಕೆ? ಕಡಲಲ್ಲಿ ಕಿವಿರು ಬೇಗ ಹೊಳೆಯದ್ದಾಗಿ, ಉಪ್ಪು ತಡೆಯಲಾರದೆ ಓಡಿಬಂದವೆ?

ಕಿವಿರುಗಾರ್ತಿ

ಆ ವಾದವೂ ಇದೆ. ಪ್ರೌಢತೆ ಬೇಗ ಬಂದದ್ದು, ಬೇರೆ ಗುಂಪುಗಳ ಜೊತೆ ಸೇರಿ ಹತ್ತಿದ್ದು ಅನ್ನುವ ವಾದಗಳೂ ಇವೆ. ಒಂದೇ ಕಾರಣಕ್ಕೆ ಎಲ್ಲರೂ ಒಪ್ಪಿಲ್ಲ. ನನಗೆ ನಿಮ್ಮ ವಾದವೊಂದೇ ಸಾಲದು ಅನ್ನಿಸುತ್ತೆ. ಉಪ್ಪು ತಡೆಯದಿದ್ದರೆ ಅಳಿವೆಯ ಅರೆಉಪ್ಪು ನೀರಿನಲ್ಲಿ ನಿಂತರೂ ಸಾಕಿತ್ತಲ್ಲ.

ಉತ್ತರದ_ತೊಟ್ಟಿ

ಅರೆಉಪ್ಪಿನ ಮಾತು ಬಂದದ್ದಕ್ಕೆ. ಈಗ ಹಲವೆಡೆ ಮರಿಗಳನ್ನು 12 ಗ್ರಾಂ ಲವಣಾಂಶದ ಮರುಬಳಕೆ ತೊಟ್ಟಿಯಲ್ಲಿ ದೊಡ್ಡದು ಮಾಡಿ ಕಡಲಿಗೆ ಕಳಿಸುತ್ತಾರೆ. ನೀರು ರಕ್ತದ ಹತ್ತಿರ ಇರೋದರಿಂದ ಎರಡೂ ಕಡೆಯ ಸೋರಿಕೆ ಕಡಿಮೆ, ಬೆಳವಣಿಗೆ ಚೆನ್ನಾಗಿದೆ. ಸುಳ್ಳು ಚಳಿಗಾಲವೇ ಬೇಡ, ಗಾತ್ರ ಮತ್ತು ಈ ನೀರು ಸಾಕು ಅನ್ನುವವರು ಬಹಳ ಇದ್ದಾರೆ.

ಕಿವಿರುಗಾರ್ತಿ

ಒಪ್ಪಲ್ಲ. 24 ಗಂಟೆಯ ಪರೀಕ್ಷೆ ಪಾಸಾಗೋದು ಬೇರೆ, ಮೂರು ತಿಂಗಳು ಕಡಲಲ್ಲಿ ಬೆಳೆಯೋದು ಬೇರೆ. ಬೆಳಕಿನ ಸಂದೇಶ ಕಿವಿರಿಗಷ್ಟೇ ಅಲ್ಲ, ಕರುಳಿಗೂ ಹಾರ್ಮೋನುಗಳಿಗೂ ಹೋಗುತ್ತೆ.

ಉತ್ತರದ_ತೊಟ್ಟಿ

ದೊಡ್ಡ ಮೀನಿನಲ್ಲಿ ಅಷ್ಟು ವ್ಯತ್ಯಾಸ ಕಾಣಲ್ಲ ಅನ್ನೋದು ನನ್ನ ಪಕ್ಷ. ಮೈಯ ಗಾತ್ರಕ್ಕೆ ಹೋಲಿಸಿದರೆ ಕಿವಿರಿನ ವಿಸ್ತಾರ ಕಡಿಮೆ, ಸೋರಿಕೆಯೂ ಕಡಿಮೆ. ಆದರೆ 12ರ ನೀರಿನಲ್ಲಿ ಒಂದು ತೊಂದರೆ ಒಪ್ಪಿಕೊಳ್ಳಲೇಬೇಕು: ಅಲ್ಲಿ ಸಿದ್ಧವಿಲ್ಲದ ಮೀನೂ ಸಿದ್ಧವಿರುವ ಮೀನಿನಷ್ಟೇ ಚೆಂದ ಕಾಣುತ್ತೆ. ತೊಟ್ಟಿಯ ನೀರಲ್ಲೇ ರಕ್ತ ತೆಗೆದರೆ ಎಲ್ಲವೂ 130ರ ಆಸುಪಾಸು. ಹಾಗಾಗಿ ಕಳಿಸುವ ಮೊದಲು 35ರ ನೀರಿಗೆ ಹಾಕಿಯೇ ನೋಡಬೇಕು, 24 ಗಂಟೆ ಸಾಲದು, 96 ಗಂಟೆ.

ಗಾಜಿನತೊಟ್ಟಿ

ಮೂರನೇ ಸಲ ನೀರು ಬದಲಿಸಿದೆ, ಪಟ್ಟಿ ತಿಳಿ ಗುಲಾಬಿಗೆ ಬಂದಿದೆ. 60 ಗ್ರಾಂ ಉಪ್ಪು ಹಾಕಿದೀನಿ. ಎರಡು ಮೀನು ಮೇವಿಗೆ ಬಂದವು. ಬದಲಿಸಿದ ನೀರಿಗೆಲ್ಲ ಮತ್ತೆ ಉಪ್ಪು ಹಾಕಬೇಕಾ?

ಪಡುಕರೆ

ತೆಗೆದಷ್ಟು ನೀರಿಗೆ ಮಾತ್ರ. 20 ಲೀಟರ್ ಬದಲಿಸಿದ್ರೆ 20 ಗ್ರಾಂ. ಆವಿಯಾಗಿ ಇಳಿದ ನೀರಿಗೆ ಹಾಕ್ಬೇಡಿ, ಉಪ್ಪು ಆವಿ ಆಗುದಿಲ್ಲ, ಅಲ್ಲೇ ಉಂಟು.